ಸೊಂಗ್‌ಕ್ರಾನ್: ಏಪ್ರಿಲ್ ಬಿಟ್ಟು ಕದಲದ ಸಂಕ್ರಾಂತಿ

ಥಾಯ್ಲೆಂಡಿನ ಹೊಸ ವರ್ಷದ ಹಬ್ಬದ ಹೆಸರು, ಥಾಯ್ ಲಿಪಿಯಲ್ಲಿ ಬರೆದ ‘ಸೊಂಗ್‌ಕ್ರಾನ್’ ಪದವನ್ನು ಒಮ್ಮೆ ಹತ್ತಿರದಿಂದ ನೋಡಿ: สงกรานต์. ಕೊನೆಯ ಅಕ್ಷರ ‘ತ’. ಅದರ ನೆತ್ತಿಯ ಮೇಲೆ ಒಂದು ಪುಟ್ಟ ಸುರುಳಿ ಕೂತಿದೆ. ‘ಈ ಅಕ್ಷರ ಬರೆಯಿರಿ, ಆದರೆ ಉಚ್ಚರಿಸಬೇಡಿ’ ಅಂತ ಆ ಸುರುಳಿಯ ಅರ್ಥ. ಬಾಯಲ್ಲಿ ಬಿದ್ದುಹೋದ ಆ ‘ತ’ಕಾರವನ್ನು ಬರವಣಿಗೆ ಮಾತ್ರ ಜೋಪಾನವಾಗಿ ಉಳಿಸಿಕೊಂಡಿದೆ. ಅದನ್ನು ಸೇರಿಸಿ ಓದಿದರೆ ಪದ ನಮಗೆ ಚೆನ್ನಾಗಿ ಗೊತ್ತಿರುವುದೇ. ಸಂಕ್ರಾಂತಿ!

ಬರ್ಮಾದವರು ಇದನ್ನೇ ‘ಥಿಂಜಾನ್’ ಅನ್ನುತ್ತಾರೆ. ಕೇಳಲು ಬೇರೆಯೇ ಪದ ಅನಿಸುತ್ತದೆ, ಅಲ್ವಾ? ಆದರೆ ಅವರ ಬರಹದಲ್ಲೂ ಇರುವುದು ‘ಸಂಕ್ರನ್’ ಅಂತಲೇ. ಬರ್ಮೀಸ್ ನಾಲಿಗೆಯಲ್ಲಿ ‘ಸ’ ಹೋಗಿ ‘ಥ’ ಆಯಿತು, ‘ಕ್ರ’ ಹೋಗಿ ‘ಜ’ ಆಯಿತು, ಅಷ್ಟೇ. ಲಾವೋಸ್‌ನಲ್ಲಿ ರಕಾರ ಬಿದ್ದು ‘ಸಂಖಾನ್’ ಆಗಿದೆ. ಕಾಂಬೋಡಿಯಾದಲ್ಲಿ ಹೊಸ ವರ್ಷದ ಮೊದಲ ದಿನದ ಹೆಸರು ‘ಮೊಹಾ ಸಂಗ್‌ಕ್ರಾನ್’, ಅಂದರೆ ಮಹಾ ಸಂಕ್ರಾಂತಿ.

ಸಂಕ್ರಾಂತಿ ಅಂದರೆ ದಾಟುವುದು. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡುವ ಗಳಿಗೆ. ವರ್ಷಕ್ಕೆ ಇಂಥವು ಹನ್ನೆರಡು ಬರುತ್ತವೆ. ಅದರಲ್ಲಿ ಕನ್ನಡದ ಬಾಯಿ ಒಂದನ್ನು ಹಿಡಿದುಕೊಂಡಿತು: ‘ಸಂಕ್ರಾಂತಿ’ ಅಂದರೆ ನಮಗೆ ಎಳ್ಳುಬೆಲ್ಲ, ಕಬ್ಬು, ಜನವರಿಯ ಮಕರ ಸಂಕ್ರಾಂತಿ. ಥಾಯ್ ಬಾಯಿ ಇನ್ನೊಂದನ್ನು ಹಿಡಿದುಕೊಂಡಿತು: ಸೂರ್ಯ ಮೇಷಕ್ಕೆ ಬರುವ ಏಪ್ರಿಲ್ ಸಂಕ್ರಾಂತಿ. ಹಿರಿಯರ ಅಂಗೈಗೆ ಪರಿಮಳದ ನೀರು ಸುರಿದು ಆಶೀರ್ವಾದ ಪಡೆಯುವ, ಬುದ್ಧನ ಮೂರ್ತಿಗೆ ನೀರು ಎರೆಯುವ, ಬೀದಿಯಲ್ಲಿ ಎಲ್ಲರೂ ಎಲ್ಲರನ್ನೂ ತೋಯಿಸುವ ಹಬ್ಬ. ನಮ್ಮ ಕರಾವಳಿಯ ಬಿಸು ಪರ್ಬ, ಅಂದರೆ ಸೌರಮಾನ ಯುಗಾದಿ, ನಿಂತಿರುವುದೂ ಇದೇ ಮೇಷ ಸಂಕ್ರಾಂತಿಯ ಮೇಲೆ. ಬಿಸು ಕಣಿ ಇಟ್ಟ ಮನೆಗಳಿಗೆ ಬ್ಯಾಂಕಾಕ್‌ನ ಹಬ್ಬ ದೂರದ್ದಲ್ಲ.

ಸೊಂಗ್‌ಕ್ರಾನನ್ನು ‘ಥಾಯ್ ಜನರ ಚಾಂದ್ರಮಾನ ಹೊಸ ವರ್ಷ’ ಅಂತ ಬರೆಯುವುದನ್ನು ಆಗಾಗ ನೋಡುತ್ತೇನೆ. ಅದು ತಪ್ಪು. ತಪ್ಪು ಅಂತ ತಿಳಿಯಲು ಗೋಡೆಯ ಕ್ಯಾಲೆಂಡರ್ ಸಾಕು. ಚಂದ್ರನನ್ನು ನಂಬಿದ ಹಬ್ಬ ಓಡಾಡುತ್ತದೆ. ನಮ್ಮ ಚಾಂದ್ರಮಾನ ಯುಗಾದಿಯನ್ನೇ ನೋಡಿ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ. ಹಾಗಾಗಿ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹಾರುತ್ತದೆ. ಸೂರ್ಯನನ್ನು ನಂಬಿದ ಹಬ್ಬ ಹಾಗಲ್ಲ. ಅಜ್ಜನ ಕಾಲದಲ್ಲೂ ಏಪ್ರಿಲ್ ನಡುವೆ, ಮೊಮ್ಮಗಳ ಕಾಲದಲ್ಲೂ ಏಪ್ರಿಲ್ ನಡುವೆ. ಥಾಯ್ ಜನರಿಗೆ ಚಾಂದ್ರ ತಿಂಗಳು ಗೊತ್ತಿಲ್ಲ ಅಂತಲ್ಲ. ವೈಶಾಖದ ಬುದ್ಧ ಪೂರ್ಣಿಮೆ, ದೀಪ ತೇಲಿಬಿಡುವ ಲೊಯ್ ಕ್ರಥೊಂಗ್ ಎಲ್ಲ ಹುಣ್ಣಿಮೆ ನೋಡಿಕೊಂಡೇ ಬರುತ್ತವೆ. ಹೊಸ ವರ್ಷಕ್ಕೆ ಮಾತ್ರ ಸೂರ್ಯ.

ಇನ್ನು ಲೆಕ್ಕ. ನನಗೆ ತುಂಬ ಇಷ್ಟವಾದ ಭಾಗ ಇದು. ಥಾಯ್ ಪಂಚಾಂಗದವರು ಹಳೆಯ ಸೂರ್ಯಸಿದ್ಧಾಂತ ಅನ್ನುವ ಖಗೋಳ ಗ್ರಂಥದ ವರ್ಷವನ್ನು ಹಿಡಿದಿದ್ದಾರೆ: 800 ವರ್ಷಕ್ಕೆ 292207 ದಿನ. ಒಂದು ವರ್ಷಕ್ಕೆ 365.25875 ದಿನ ಆಯಿತು. ಅವರ ‘ಚುಲಸಕರಾತ್’ ಅನ್ನುವ ಶಕ ಶುರುವಾದದ್ದು ಕ್ರಿ.ಶ. 638ರ ಮಾರ್ಚ್ 22ರಂದು (ಆಗಿನ ಜೂಲಿಯನ್ ಲೆಕ್ಕದಲ್ಲಿ). ಆ ದಿನ ನಡುರಾತ್ರಿಯಿಂದ ದಿನದ 800ರಲ್ಲಿ 373 ಪಾಲು ಕಳೆದಾಗ, ಅಂದರೆ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ, ಶಕದ ಮೊದಲ ಗಳಿಗೆ. ಇಷ್ಟು ಗೊತ್ತಿದ್ದರೆ ಯಾವ ವರ್ಷದ ಹೊಸ ವರ್ಷವನ್ನಾದರೂ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ತೆಗೆಯಬಹುದು. 2024ಕ್ಕೆ ಮಾಡೋಣ. 2024ರಲ್ಲಿ 638 ಕಳೆದರೆ 1386.

```
(1386 × 292207 + 373) ÷ 800 = 506249.09375
```

ಪೂರ್ಣಾಂಕ 506249 ಅಂದರೆ ಶಕದ ಮೊದಲ ದಿನದಿಂದ ಕಳೆದ ದಿನಗಳು. ಎಣಿಸಿಕೊಂಡು ಬಂದರೆ 2024ರ ಏಪ್ರಿಲ್ 16ಕ್ಕೆ ತಲುಪುತ್ತೇವೆ. ಉಳಿದ 0.09375 ದಿನವನ್ನು ಗಂಟೆ ಮಾಡಿದರೆ ಎರಡೂ ಕಾಲು. ಅಂದರೆ ಏಪ್ರಿಲ್ 16ರ ನಸುಕಿನ 2:15. ಆ ವರ್ಷದ ಥಾಯ್ ಪಂಚಾಂಗದಲ್ಲಿ ಅಚ್ಚಾದ ಗಳಿಗೆಯೂ ಅದೇ. ಹೀಗೆ ದಿನಗಳನ್ನು ಎಣಿಸಿ ಇಟ್ಟುಕೊಳ್ಳುವುದಕ್ಕೆ ಅವರು ‘ಹೊರಖುನ್’ ಅನ್ನುತ್ತಾರೆ. ನಮ್ಮ ಪಂಚಾಂಗ ಕಟ್ಟುವವರ ‘ಅಹರ್ಗಣ’ವೇ ಅದು.

ಆದರೆ ಹಬ್ಬ 13ಕ್ಕೇ ಶುರುವಾಗುತ್ತದಲ್ಲ, ಲೆಕ್ಕ 16 ಯಾಕೆ ಹೇಳಿತು? ಯಾಕೆಂದರೆ ಇಲ್ಲಿ ಇಬ್ಬರು ಸೂರ್ಯರಿದ್ದಾರೆ. ವರ್ಷವನ್ನು ಸಮನಾಗಿ ಹಂಚಿ, ದಿನಾ ಒಂದೇ ವೇಗದಲ್ಲಿ ನಡೆಯುತ್ತಾನೆ ಅಂತ ಇಟ್ಟುಕೊಂಡ ಸೂರ್ಯ ಒಬ್ಬ. ಪಂಚಾಂಗದ ಭಾಷೆಯಲ್ಲಿ ಮಧ್ಯಮ ರವಿ. ಈಗ ಹಾಕಿದ ಲೆಕ್ಕ ಅವನದು. ಆಕಾಶದಲ್ಲಿ ಕಾಣುವ ಸೂರ್ಯ ಇನ್ನೊಬ್ಬ, ಸ್ಪಷ್ಟ ರವಿ. ಅವನ ನಡಿಗೆ ಸಮನಾಗಿಲ್ಲ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಆಗ ಅದರ ಓಟವೂ ಜೋರು. ನಮ್ಮ ಕಣ್ಣಿಗೆ ಸೂರ್ಯನೇ ಬೇಗ ಬೇಗ ಸರಿದಂತೆ. ಆ ಮುನ್ನಡೆ ಕೂಡುತ್ತಾ ಹೋಗಿ ಏಪ್ರಿಲ್ ಹೊತ್ತಿಗೆ ಸುಮಾರು ಎರಡು ಡಿಗ್ರಿ ಆಗಿರುತ್ತದೆ. ಸೂರ್ಯ ದಿನಕ್ಕೆ ಹೆಚ್ಚೂಕಡಿಮೆ ಒಂದು ಡಿಗ್ರಿ ಸರಿಯುತ್ತಾನೆ. ಹಾಗಾಗಿ ಕಾಣುವ ಸೂರ್ಯ ಎರಡು ದಿನ ಮೊದಲೇ ಮೇಷದ ಬಾಗಿಲಲ್ಲಿ ಹಾಜರ್. ಥಾಯ್ ಪಂಚಾಂಗ ಈ ಅಂತರವನ್ನು 2.165 ದಿನ ಅಂತ ಗಟ್ಟಿ ಮಾಡಿಟ್ಟಿದೆ. 16ರ 2:15ರಿಂದ ಅಷ್ಟನ್ನು ಕಳೆದರೆ ಸಿಗುವುದು ಏಪ್ರಿಲ್ 13ರ ರಾತ್ರಿ 10 ಗಂಟೆ 17 ನಿಮಿಷ 24 ಸೆಕೆಂಡ್. ಅದೇ ಮಹಾ ಸೊಂಗ್‌ಕ್ರಾನ್.

ಹಬ್ಬ ಒಂದೇ ದಿನಕ್ಕೆ ಯಾಕೆ ಮುಗಿಯುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕಾಣುವ ಸೂರ್ಯ ಬಂದ ದಿನ ಸೊಂಗ್‌ಕ್ರಾನ್. ಲೆಕ್ಕದ ಸೂರ್ಯ ಬಂದ ದಿನ ‘ಥಲೋಂಗ್ ಸೊಕ್’, ಹೊಸ ಶಕ ಏರುವ ದಿನ. ಈ ‘ಸೊಕ್’ ನಮ್ಮ ಶಾಲಿವಾಹನ ಶಕದ ‘ಶಕ’ವೇ. ನಡುವಿನ ದಿನ ‘ನಾವ್’. ಖಮೇರ್ ಭಾಷೆಯಲ್ಲಿ ಅದಕ್ಕೆ ‘ಇರು, ತಂಗು’ ಅಂತ ಅರ್ಥ. ಹಳೆಯ ವರ್ಷ ಹೋಗಿಯಾಗಿದೆ, ಹೊಸ ವರ್ಷದ ಎಣಿಕೆ ಇನ್ನೂ ಶುರುವಾಗಿಲ್ಲ. ಸುಮ್ನೆ ತಂಗಿರುವ ದಿನ. ಸೊಂಗ್‌ಕ್ರಾನ್ ಗಳಿಗೆ ರಾತ್ರಿ ಎಂಟರ ನಂತರ ಬಿದ್ದ ವರ್ಷ ನಾವ್ ಎರಡು ದಿನ ಆಗುತ್ತದೆ. 2024ರಲ್ಲಿ ಹಾಗೇ ಆಯಿತು: 13ರ ರಾತ್ರಿ ಒಬ್ಬ ಸೂರ್ಯ, 16ರ ನಸುಕಿಗೆ ಇನ್ನೊಬ್ಬ, ನಡುವೆ 14 ಮತ್ತು 15. ಬರ್ಮಾದಲ್ಲೂ ನಡುವಿನ ‘ಅಕ್ಯಾತ್’ ದಿನ ಕೆಲವು ವರ್ಷ ಒಂದು, ಕೆಲವು ವರ್ಷ ಎರಡು. ಲೆಕ್ಕದ ಸೂರ್ಯ ಬಂದ ಮರುದಿನ ಅವರಿಗೆ ಹೊಸ ವರ್ಷ. 2024ರಲ್ಲಿ ಅದು ಏಪ್ರಿಲ್ 17.

ಹಾಗಾದರೆ ಸೊಂಗ್‌ಕ್ರಾನ್ ಪೂರ್ತಿ ನಿಂತಲ್ಲೇ ನಿಂತಿದೆಯಾ? ಇಲ್ಲ. ಬಹಳ ನಿಧಾನವಾಗಿ ಮುಂದಕ್ಕೆ ಸರಿಯುತ್ತಿದೆ. ಮೇಷ ರಾಶಿ ಅಂದರೆ ನಕ್ಷತ್ರಗಳ ನಡುವಿನ ಒಂದು ಜಾಗ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ವಾಪಸ್ ಬರಲು ಬೇಕಾದ ಕಾಲ, ಋತುಗಳು ಒಂದು ಸುತ್ತು ಬರುವ ಕಾಲಕ್ಕಿಂತ ಸುಮಾರು 20 ನಿಮಿಷ ಜಾಸ್ತಿ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದೇ ಇದಕ್ಕೆ ಕಾರಣ. ನಮ್ಮ ಗೋಡೆಯ ಕ್ಯಾಲೆಂಡರ್ ಹಿಡಿದಿರುವುದು ಋತುವನ್ನು, ಸೊಂಗ್‌ಕ್ರಾನ್ ಹಿಡಿದಿರುವುದು ನಕ್ಷತ್ರವನ್ನು. ಅದರ ಮೇಲೆ ಸೂರ್ಯಸಿದ್ಧಾಂತದ ವರ್ಷ ನಿಜವಾದ ನಾಕ್ಷತ್ರಿಕ ವರ್ಷಕ್ಕಿಂತ ಮೂರೂವರೆ ನಿಮಿಷದಷ್ಟು ಉದ್ದ. ಎಲ್ಲ ಸೇರಿ ವರ್ಷಕ್ಕೆ 23 ನಿಮಿಷ ಚಿಲ್ಲರೆ. ಸುಮಾರು 61 ವರ್ಷಕ್ಕೆ ಒಂದು ದಿನ. ಶಕ ಶುರುವಾದಾಗ, ಹಗಲು ರಾತ್ರಿ ಸಮವಾಗುವ ವಿಷುವದ ಹತ್ತಿರವೇ ಇದ್ದ ಹೊಸ ವರ್ಷ ಈಗ ಅದರಿಂದ ಮೂರು ವಾರಕ್ಕೂ ಜಾಸ್ತಿ ಆಚೆ ಬಂದಿದೆ. ನಮ್ಮ ಮಕರ ಸಂಕ್ರಾಂತಿಯದೂ ಇದೇ ಕಥೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, 1863ರ ಜನವರಿ 12ರಂದು. ಈಗ ಆ ಹಬ್ಬ 14 ಅಥವಾ 15ಕ್ಕೆ.

ಇಷ್ಟು ನಿಧಾನವಾಗಿ ಸರಿಯುವುದು ಒಬ್ಬರ ಆಯುಷ್ಯದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮರೆಸುವ ಇನ್ನೊಂದು ಏರಿಳಿತವೂ ಇದೆ. ಸೊಂಗ್‌ಕ್ರಾನ್ ಗಳಿಗೆ ಪ್ರತಿ ವರ್ಷ ಆರು ಗಂಟೆ ಹನ್ನೆರಡು ನಿಮಿಷ ಚಿಲ್ಲರೆ ಮುಂದೆ ಹೋಗುತ್ತದೆ. 2025ರಲ್ಲಿ ಏಪ್ರಿಲ್ 14ರ ಬೆಳಗಿನ ಜಾವ 4:30. 2026ರಲ್ಲಿ 14ರ ಬೆಳಿಗ್ಗೆ 10:42. 2027ರಲ್ಲಿ 14ರ ಸಂಜೆ 4:55. 2028ರಲ್ಲಿ ಫೆಬ್ರವರಿ 29 ಬಂದು ಅದನ್ನು ಪೂರ್ತಿ ಒಂದು ದಿನ ಹಿಂದಕ್ಕೆ ಎಳೆಯುತ್ತದೆ. ಮತ್ತೆ 13ರ ರಾತ್ರಿ 11:07. ಅಧಿಕ ವರ್ಷ ಎಳೆದದ್ದು 24 ಗಂಟೆ, ನಾಲ್ಕು ವರ್ಷದಲ್ಲಿ ಮುಂದೆ ಹೋದದ್ದು 24 ಗಂಟೆ 50 ನಿಮಿಷ. ಉಳಿದ ಆ 50 ನಿಮಿಷ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಜಮಾ ಆಗುತ್ತದೆ.

ಥಾಯ್ಲೆಂಡಿನಲ್ಲಿ ಸರ್ಕಾರಿ ರಜೆ ಮಾತ್ರ ಈ ಲೆಕ್ಕಕ್ಕೆ ಕಾಯುವುದಿಲ್ಲ. ಪ್ರತಿ ವರ್ಷ ಏಪ್ರಿಲ್ 13, 14, 15 ಅಂತ ಕಟ್ಟಿಟ್ಟಿದ್ದಾರೆ. ಅಲ್ಲಿ ಸರ್ಕಾರಿ ವರ್ಷ ಶುರುವಾಗುವುದೂ ಈಗ ಏಪ್ರಿಲ್‌ನಲ್ಲಲ್ಲ. 1889ರಿಂದ ಅದು ಏಪ್ರಿಲ್ 1 ಆಗಿತ್ತು, 1941ರಿಂದ ಜನವರಿ 1. ಹಬ್ಬದ ದಿನವನ್ನು ಹೀಗೆ ಕಟ್ಟಿಟ್ಟರೂ ಜನರಿಗೆ ವ್ಯತ್ಯಾಸ ತಿಳಿಯಲಿಲ್ಲ, ಯಾಕೆಂದರೆ ಸೂರ್ಯನ ಲೆಕ್ಕವೂ ಅಲ್ಲೇ ಆಸುಪಾಸಿನಲ್ಲಿತ್ತು. ಚಾಂದ್ರಮಾನದ ಹಬ್ಬವಾಗಿದ್ದರೆ ಹೀಗೆ ಕಟ್ಟಲು ಆಗುತ್ತಲೇ ಇರಲಿಲ್ಲ.

ಆದರೆ ಹಳೆಯ ಲೆಕ್ಕ ನಡೆದೇ ಇದೆ. 2032ರ ಸೊಂಗ್‌ಕ್ರಾನ್ ಗಳಿಗೆ ತೆಗೆದು ನೋಡಿ: ಏಪ್ರಿಲ್ 13ರ ರಾತ್ರಿ 11 ಗಂಟೆ 58 ನಿಮಿಷ 12 ಸೆಕೆಂಡ್. ನಡುರಾತ್ರಿಗೆ ಎರಡು ನಿಮಿಷವೂ ಬಾಕಿಯಿಲ್ಲ. ಮುಂದಿನ ಅಧಿಕ ವರ್ಷ 2036ಕ್ಕೆ ಬರುವ ಹೊತ್ತಿಗೆ ಅದು ನಡುರಾತ್ರಿ ದಾಟಿ 14ರ 12:48ಕ್ಕೆ ಜಾರಿರುತ್ತದೆ. 2100ರಲ್ಲಿ ಫೆಬ್ರವರಿ 29 ಇಲ್ಲದ ಕಾರಣ ಇನ್ನೂ ಒಂದು ದಿನ ಮುಂದೆ ಹೋಗುತ್ತದೆ. ರಜೆ ಮತ್ತು ನೀರಾಟ 13ಕ್ಕೇ ಶುರುವಾಗಬಹುದು. ಸೂರ್ಯಸಿದ್ಧಾಂತದ ಸೂರ್ಯ ಏಪ್ರಿಲ್ 13ರಂದು ಮೇಷಕ್ಕೆ ಬರುವುದು ಮಾತ್ರ 2032ರ ಆ ರಾತ್ರಿಯೇ ಕೊನೆ.