ಏಳು ಫ್ಯಾಕ್ಟರ್ ಬಂತು ಅಂತ ಏಳನ್ನೂ ಇಟ್ಟುಕೊಳ್ಳಬೇಡಿ

ಹೊಸ ಮಾಪನ ಕಟ್ಟಿ, ಅದರ ಹೇಳಿಕೆಗಳು ಎಷ್ಟು ಗುಂಪುಗಳಾಗಿ ಕೂಡುತ್ತವೆ ಎಂದು ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ನೋಡುವ ಪಿಎಚ್‌ಡಿ ವಿದ್ಯಾರ್ಥಿಗಳು ನನ್ನ ಬಳಿ ಬರುವಾಗ ಪ್ರಿಂಟೌಟ್ ಜೊತೆಗೇ ತರುತ್ತಾರೆ. "ಮೇಡಂ, ಏಳು ಫ್ಯಾಕ್ಟರ್ ಬಂದಿವೆ. ಹೆಸರು ಇಡೋದಕ್ಕೆ ಸ್ವಲ್ಪ ಸಹಾಯ ಮಾಡಿ." ಏಳು ಅಂತ ಯಾರು ಹೇಳಿದರು ಎಂದು ಕೇಳಿದರೆ, "ಎಸ್‌ಪಿಎಸ್‌ಎಸ್ ಹೇಳಿತು" ಅನ್ನುತ್ತಾರೆ. ಪ್ರಾಮಾಣಿಕ ಮಕ್ಕಳು, ತಿಂಗಳುಗಟ್ಟಲೆ ಕಾಲೇಜುಗಳಿಗೆ ಅಲೆದು ಡೇಟಾ ತಂದಿರುತ್ತಾರೆ. ಅದಕ್ಕೇ ಬೇಜಾರಾಗುತ್ತದೆ.

ಎಸ್‌ಪಿಎಸ್‌ಎಸ್ ಏನನ್ನೂ ಹೇಳಿರುವುದಿಲ್ಲ. ಐಗನ್ ವ್ಯಾಲ್ಯೂ, ಅಂದರೆ ಒಂದು ಫ್ಯಾಕ್ಟರ್ ಎಷ್ಟು ಹೇಳಿಕೆಗಳಷ್ಟು ವ್ಯತ್ಯಾಸವನ್ನು ಹಿಡಿದಿದೆ ಎಂಬ ಅಂಕಿ, 1ಕ್ಕಿಂತ ಜಾಸ್ತಿ ಇರುವುದನ್ನೆಲ್ಲ ಉಳಿಸಿಕೋ ಎಂಬ ಆಯ್ಕೆ ಅದರಲ್ಲಿ ಮೊದಲೇ ಟಿಕ್ ಆಗಿರುತ್ತದೆ, ಅಷ್ಟೇ. ಈ ನಿಯಮ ಯಾಕೆ ಕೈಕೊಡುತ್ತದೆ ಅನ್ನುವುದನ್ನು ನಿಧಾನವಾಗಿ ನೋಡೋಣ.

24 ಹೇಳಿಕೆಗಳ ಮಾಪನ ಇದೆ ಅಂದುಕೊಳ್ಳಿ. ಆಗ 24 ಐಗನ್ ವ್ಯಾಲ್ಯೂಗಳ ಮೊತ್ತ ಯಾವಾಗಲೂ 24. ಅಂದರೆ ಸರಾಸರಿ 1. ಹೇಳಿಕೆಗಳ ನಡುವೆ ಸಂಬಂಧವೇ ಇಲ್ಲದಿದ್ದರೆ ಎಲ್ಲವೂ ಸರಿಯಾಗಿ 1 ಬರಬೇಕು. ಆದರೆ ಅದು ಕೋಟ್ಯಂತರ ಜನರನ್ನು ಅಳೆದಾಗಿನ ಮಾತು. 220 ಜನರಲ್ಲಿ ಎರಡು ಹೇಳಿಕೆಗಳ ಸಂಬಂಧ ಸೊನ್ನೆಯಿಂದ ಆಚೀಚೆ ಸರಿದೇ ಸರಿಯುತ್ತದೆ, ಬರೀ ಆಕಸ್ಮಿಕವಾಗಿ. ಹಾಗಾಗಿ ಕೆಲವು ಐಗನ್ ವ್ಯಾಲ್ಯೂ 1ರ ಕೆಳಗೆ ಇಳಿಯುತ್ತವೆ. ಮೊತ್ತ 24 ಆಗಲೇಬೇಕಾದ್ದರಿಂದ ಉಳಿದವು ಮೇಲೇರುತ್ತವೆ. ಪೂರ್ತಿ ಅರ್ಥವಿಲ್ಲದ ಅಂಕಿಗಳನ್ನು ತುಂಬಿದರೂ 10-11 ಐಗನ್ ವ್ಯಾಲ್ಯೂ 1ನ್ನು ದಾಟುತ್ತವೆ. ಹಾಗಾದರೆ ನಿಮ್ಮ ಏಳನೆಯದು 1.05 ಬಂದಿದ್ದಕ್ಕೆ ಏನು ಬೆಲೆ?

1965ರಲ್ಲಿ ಜಾನ್ ಹಾರ್ನ್ ಕೊಟ್ಟ ಪ್ಯಾರಲಲ್ ಅನಾಲಿಸಿಸ್ ಈ ಪ್ರಶ್ನೆಯನ್ನೇ ಕೇಳುತ್ತದೆ. ಅಷ್ಟೇ ಜನ, ಅಷ್ಟೇ ಹೇಳಿಕೆ ಇಟ್ಟು ಕಂಪ್ಯೂಟರ್‌ನಲ್ಲಿ ನೂರಾರು ಸುಳ್ಳು ಡೇಟಾ ಮಾಡಿ. ಆಕಸ್ಮಿಕಕ್ಕೆ ಎಷ್ಟು ಬರುತ್ತದೆ ನೋಡಿ. ಅದನ್ನು ಮೀರಿದ್ದನ್ನು ಮಾತ್ರ ಇಟ್ಟುಕೊಳ್ಳಿ. ಆರ್‌ನಲ್ಲಿ ಎರಡು ಸಾಲಿನ ಕೆಲಸ, d ಅಂದರೆ ನಿಮ್ಮ ಡೇಟಾ:

```r
library(psych)
fa.parallel(d, fa = "pc", n.iter = 500, quant = .95)
```

ವಿವರಣೆಗಾಗಿ ನಾನೇ ಕಟ್ಟಿದ ಒಂದು ಉದಾಹರಣೆ ತಗೊಳ್ಳಿ. ಪಿಯುಸಿ ಮಕ್ಕಳ ಪರೀಕ್ಷಾ ಆತಂಕದ ಮಾಪನ, 24 ಹೇಳಿಕೆ, 220 ಮಕ್ಕಳು. ನಿಜ ಡೇಟಾದ ಮೊದಲ ನಾಲ್ಕು ಐಗನ್ ವ್ಯಾಲ್ಯೂ 6.9, 2.3, 1.7, 1.3. ಸುಳ್ಳು ಡೇಟಾದಲ್ಲಿ ಸುಮಾರು 1.75, 1.6, 1.5, 1.45. ಮೂರನೆಯದು ದಾಟಿತು, ನಾಲ್ಕನೆಯದು ಸೋತಿತು. ಏಳು ಹೋಗಿ ಮೂರಾಯಿತು.

ಇಲ್ಲಿಗೇ ಪ್ರಿಂಟೌಟ್ ಮಡಚಿ ಹೊರಡಬೇಡಿ. ಎರಡು, ಮೂರು, ನಾಲ್ಕು ಫ್ಯಾಕ್ಟರ್ ಇಟ್ಟು ಮೂರು ಸಲ ತೆಗೆದು, ಯಾವ ಹೇಳಿಕೆ ಯಾವ ಫ್ಯಾಕ್ಟರ್‌ಗೆ ಎಷ್ಟು ಅಂಟಿದೆ ಎಂದು ತೋರಿಸುವ ಲೋಡಿಂಗ್ ಪಟ್ಟಿಗಳ ಪಕ್ಕದಲ್ಲಿ ಹೇಳಿಕೆಗಳನ್ನಿಟ್ಟು ಓದಿ. ಆತಂಕದ ಮುಖಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಅಲ್ವಾ? ಅದಕ್ಕೆ ಫ್ಯಾಕ್ಟರ್‌ಗಳ ನಡುವೆ ಸಂಬಂಧವೇ ಇಲ್ಲ ಎಂದು ಹಿಡಿಯುವ ವ್ಯಾರಿಮ್ಯಾಕ್ಸ್ ಬಿಟ್ಟು, ಸಂಬಂಧಕ್ಕೆ ಅವಕಾಶ ಕೊಡುವ ಆಬ್ಲಿಮಿನ್ ಬಳಸಿ.

ನಾಲ್ಕು ತೆಗೆದಾಗ ನಾಲ್ಕನೆಯದರಲ್ಲಿ ಇದ್ದದ್ದು ಎರಡೇ ಹೇಳಿಕೆ. "ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ." "ಪರೀಕ್ಷೆ ಹತ್ತಿರ ಬಂದಾಗ ನನ್ನ ನಿದ್ದೆ ಕೆಡುತ್ತದೆ." ಇದಕ್ಕೆ 'ನಿದ್ರಾ ಆಯಾಮ' ಅಂತ ಹೆಸರಿಡುವವರನ್ನು ಕಂಡಿದ್ದೇನೆ. ಒಂದೇ ಮಾತನ್ನು ಎರಡು ಸಲ ಕೇಳಿದ್ದೀರಿ, ಅಷ್ಟೇ. ಒಂದನ್ನು ತೆಗೆದರೆ ಆ ಫ್ಯಾಕ್ಟರೇ ಮಾಯ.

ಮೂರನೆಯದು ಇನ್ನೂ ಜಾಣತನದ ಮೋಸ. ಅದರಲ್ಲಿ ಐದು ಹೇಳಿಕೆಗಳು ಗಟ್ಟಿಯಾಗಿ ಕೂತಿವೆ, ಪ್ಯಾರಲಲ್ ಅನಾಲಿಸಿಸ್ಸೂ ಒಪ್ಪಿದೆ. ಓದಿದರೆ: "ಪರೀಕ್ಷಾ ಕೊಠಡಿಯಲ್ಲಿ ನನ್ನ ಕೈ ನಡುಗುವುದಿಲ್ಲ." "ಫಲಿತಾಂಶದ ಬಗ್ಗೆ ನಾನು ಚಿಂತಿಸುವುದಿಲ್ಲ." ಒಂದು ದೇಹದ ಮಾತು, ಇನ್ನೊಂದು ಮನಸ್ಸಿನದು. ಐದಕ್ಕೂ ಸಮಾನವಾದದ್ದು ಕೊನೆಯ 'ಇಲ್ಲ' ಮಾತ್ರ. ಐದೂ ಉಲ್ಟಾ ಹೇಳಿಕೆಗಳು, ಅಂಕ ತಿರುಗಿಸಿದ ಮೇಲೂ ಗುಂಪಾಗಿಯೇ ಉಳಿದಿವೆ. ಬೇಗ ಬೇಗ ಓದುವ ಮಕ್ಕಳು 'ಇಲ್ಲ'ವನ್ನು ಗಮನಿಸದೆ ಟಿಕ್ ಹಾಕಿದರೆ ಹೀಗಾಗುತ್ತದೆ. "ಕೈ ನಡುಗುತ್ತದೆ", "ನಡುಗುವುದಿಲ್ಲ" ಎರಡಕ್ಕೂ 'ಪೂರ್ತಿ ಒಪ್ಪುತ್ತೇನೆ' ಅಂದವರು ಎಷ್ಟಿದ್ದಾರೆ ಅಂತ ಡೇಟಾದಲ್ಲಿ ಎಣಿಸಿ, ತಿಳಿಯುತ್ತದೆ. ಆ ಗುಂಪು ಆಕಸ್ಮಿಕವಲ್ಲ, ಪ್ಯಾರಲಲ್ ಅನಾಲಿಸಿಸ್ ತಪ್ಪು ಹೇಳಿಲ್ಲ. ಆದರೆ ಅದು ಆತಂಕದ ಮುಖವೂ ಅಲ್ಲ.

ಹಾಗಾಗಿ ಈ ಉದಾಹರಣೆಯಲ್ಲಿ ನಾನಾದರೆ ಎರಡಕ್ಕೆ ನಿಲ್ಲುತ್ತೇನೆ: ಚಿಂತೆ ಮತ್ತು ದೇಹದ ತಳಮಳ. ಪರೀಕ್ಷಾ ಆತಂಕವನ್ನು ಹೆಚ್ಚುಕಡಿಮೆ ಹೀಗೆಯೇ ಎರಡಾಗಿ ಲೀಬರ್ಟ್ ಮತ್ತು ಮಾರಿಸ್ 1967ರಲ್ಲೇ ನೋಡಿದ್ದರು ಅನ್ನುವುದು ನನಗೆ ಸ್ವಲ್ಪ ಧೈರ್ಯ ಕೊಡುತ್ತದೆ. ಎಲ್ಲ ಮಾಪನಕ್ಕೂ ಇದೇ ಉತ್ತರ ಅನ್ನಲಾರೆ. ಉಲ್ಟಾ ಹೇಳಿಕೆಗಳ ಗುಂಪಿಗೆ ನಿಜವಾದ ಅರ್ಥವೇ ಇರುವುದೂ ಉಂಟು. ಐಗನ್ ವ್ಯಾಲ್ಯೂ ಸುಳ್ಳು ಡೇಟಾದ್ದಕ್ಕಿಂತ ಕೂದಲೆಳೆಯಷ್ಟೇ ಮೇಲಿದ್ದರೆ ಇನ್ನೂ ಅನುಮಾನದಿಂದ ನೋಡಿ.

ಪ್ರಬಂಧದಲ್ಲಿ ಮೂರೂ ಪಟ್ಟಿ ಹಾಕಿ, ಮೂರನೆಯದನ್ನು ಯಾಕೆ ಬಿಟ್ಟಿರಿ ಅಂತ ಬರೆಯಿರಿ. ಆ ಐದು ಹೇಳಿಕೆಗಳನ್ನು 'ಇಲ್ಲ' ಬಾರದಂತೆ ತಿದ್ದಿ, ಬೇರೆ ಮಕ್ಕಳ ಬಳಿ ಮತ್ತೆ ತುಂಬಿಸಿ. ಇದೇ 220 ಜನರ ಮೇಲೆಯೇ ದೃಢೀಕರಣದ ವಿಶ್ಲೇಷಣೆಯನ್ನೂ ಮಾಡಿ "ಹೊಂದಿಕೆಯಾಯಿತು" ಅಂತ ಬರೆದುಕೊಂಡು ಬಂದರೆ ನಾನು ಒಪ್ಪುವುದಿಲ್ಲ.