ಗ್ರಾಹಕಿ ತಾವಾಗಿಯೇ ಹೇಳಿದ ಮಾತು ಜಾಹೀರಾತಾದರೆ ಹೊಣೆ ಯಾರದು?

ಪ್ರಶ್ನೆ: ನಾವು ಮನೆಯಲ್ಲಿ ತಲೆಗೂದಲಿನ ಎಣ್ಣೆ ತಯಾರಿಸಿ ಮಾರುತ್ತೇವೆ. ಗ್ರಾಹಕಿಯೊಬ್ಬರು, ಮೂರೇ ವಾರದಲ್ಲಿ ಕೂದಲು ಉದುರುವುದು ನಿಂತಿತೆಂದು ತಾವಾಗಿಯೇ ವೀಡಿಯೊ ಮಾಡಿ ಕಳುಹಿಸಿದ್ದಾರೆ. ಅದನ್ನು ಹಣ ಕೊಟ್ಟು ಜಾಹೀರಾತಾಗಿ ಓಡಿಸಬಹುದೇ? ಮಾತು ಅವರದು, ನಮ್ಮದಲ್ಲವಲ್ಲ?

ಉತ್ತರ: ಆಕೆ ತಮ್ಮ ಪುಟದಲ್ಲಿ ಹಾಕಿಕೊಂಡಿರುವವರೆಗೆ ಅದು ಆಕೆಯ ಅನುಭವ, ನೀವು ಅದನ್ನು ಜಾಹೀರಾತಾಗಿ ಓಡಿಸಿದ ಕ್ಷಣದಿಂದ ಅದು ನಿಮ್ಮ ಎಣ್ಣೆಯ ಬಗ್ಗೆ ನೀವು ಮಾಡುತ್ತಿರುವ ಹೇಳಿಕೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಶಿಫಾರಸು ಮಾಡುವವರ ಅಭಿಪ್ರಾಯ ಪ್ರಾಮಾಣಿಕವಾಗಿಯೂ ಇತ್ತೀಚಿನದಾಗಿಯೂ ಇದ್ದು, ಸ್ವಂತ ಬಳಕೆಯನ್ನೋ ಸಾಕಷ್ಟು ಮಾಹಿತಿಯನ್ನೋ ಆಧರಿಸಿರಬೇಕು. ಅಷ್ಟು ಸಾಲದು: ಜಾಹೀರಾತು ಒಟ್ಟಾರೆಯಾಗಿ ನೋಡುಗರಿಗೆ ಏನನ್ನು ನಂಬಿಸುತ್ತದೆಯೋ ಅದಕ್ಕೂ ಆಧಾರವಿರಬೇಕು. ಒಬ್ಬರ ಕೂದಲು ಉದುರುವುದು ನಿಂತದ್ದು ನಿಜವಿರಬಹುದು, ಆದರೆ ಅದು ಎಣ್ಣೆಯಿಂದಲೇ ನಿಂತಿತು ಎನ್ನುವುದಕ್ಕೆ ಆ ವೀಡಿಯೊ ಪುರಾವೆಯಲ್ಲ.

ಕತ್ತರಿ ಹಾಕುವಾಗ ಇದು ಇನ್ನಷ್ಟು ಸೂಕ್ಷ್ಮವಾಗುತ್ತದೆ. ನಲವತ್ತು ಸೆಕೆಂಡಿನ ಆ ವೀಡಿಯೊದ ನಡುವೆ ಆಕೆ "ಶಾಂಪೂನೂ ಬದಲಾಯಿಸಿದೆ" ಎಂದಿದ್ದಾರೆ ಎಂದುಕೊಳ್ಳೋಣ. ಚಿಕ್ಕದಾಗಿಸುವ ನೆಪದಲ್ಲಿ ಆ ಒಂದು ವಾಕ್ಯವನ್ನು ತೆಗೆದರೆ, ಆಕೆ ಸುಳ್ಳು ಹೇಳದಿದ್ದರೂ ನಿಮ್ಮ ಜಾಹೀರಾತು ಸುಳ್ಳು ಹೇಳುತ್ತದೆ. ನಾನಾದರೆ ಮೂರು ವಾರದ ಮಾತನ್ನೇ ತೆಗೆದು, ಎಣ್ಣೆ ಅಂಟುವುದಿಲ್ಲ, ಪರಿಮಳ ಹಿತವಾಗಿದೆ, ಎರಡನೇ ಬಾಟಲಿ ತರಿಸಿದ್ದೇನೆ ಎಂಬ ಭಾಗವನ್ನು ಉಳಿಸಿಕೊಳ್ಳುತ್ತೇನೆ. ಅವು ಆಕೆ ನೇರವಾಗಿ ಬಲ್ಲ ಸಂಗತಿಗಳು. "ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು" ಎಂಬ ಸಣ್ಣ ಅಕ್ಷರದ ಸಾಲು ನಿಮ್ಮನ್ನು ಕಾಯುವುದಿಲ್ಲ, ಏಕೆಂದರೆ ದಾರಿ ತಪ್ಪಿಸುವ ಹೇಳಿಕೆಯನ್ನು ಸ್ಪಷ್ಟೀಕರಣದ ಮೂಲಕ ಸರಿಪಡಿಸುವಂತಿಲ್ಲ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಇನ್ನು, ವೀಡಿಯೊ ಬಂದ ಮೇಲೆ ಸಂತೋಷಕ್ಕೆಂದು ಒಂದು ಬಾಟಲಿ ಉಚಿತವಾಗಿ ಕಳುಹಿಸಿದಿರಾ? ಮುಂದೆ ಆಕೆ ಮಾಡುವ ವೀಡಿಯೊಗಳಲ್ಲಿ ಆ ನಂಟು ಕಾಣಿಸಬೇಕು. ಹಣವಷ್ಟೇ ಅಲ್ಲ, ಉಚಿತ ವಸ್ತು, ರಿಯಾಯಿತಿ, ಬಂಧುತ್ವ ಎಲ್ಲವೂ ಇದರಲ್ಲಿ ಸೇರುತ್ತವೆ. (ಮಾಲೀಕರ ನಾದಿನಿ "ಸಂತೃಪ್ತ ಗ್ರಾಹಕಿ"ಯಾಗುವುದು ನಮ್ಮಲ್ಲಿ ಅಪರೂಪವೇನಲ್ಲ.) ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಮಂಡಳಿಯಾದ ಎಎಸ್‌ಸಿಐ ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗಾಗಿ ಮಾಡಿದ ನಿಯಮದಲ್ಲಿ, ಹದಿನೈದು ಸೆಕೆಂಡಿನೊಳಗಿನ ವೀಡಿಯೊದಲ್ಲಿ ಆ ನಂಟನ್ನು ತಿಳಿಸುವ ಗುರುತು ಕನಿಷ್ಠ 3 ಸೆಕೆಂಡು, ಅದಕ್ಕಿಂತ ಉದ್ದವಾಗಿ ಎರಡು ನಿಮಿಷಕ್ಕಿಂತ ಕಡಿಮೆಯಿದ್ದರೆ ಮೂರನೇ ಒಂದು ಭಾಗದಷ್ಟು ಹೊತ್ತು ಇರಬೇಕು. ನಲವತ್ತು ಸೆಕೆಂಡಿನ ವೀಡಿಯೊಗೆ ಹದಿನಾಲ್ಕು ಸೆಕೆಂಡು ಇಟ್ಟರೆ ಸರಿಹೋಗುತ್ತದೆ.

ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆದ್ದರಿಂದ ಕತ್ತರಿಸಿದ ಪ್ರತಿಯನ್ನೇ ಆಕೆಗೆ ತೋರಿಸಿ, ಜಾಹೀರಾತಿಗೆ ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಆಕೆ ಎಣ್ಣೆ ಕೊಂಡ ಬಿಲ್ಲನ್ನೂ ಮೂಲ ವೀಡಿಯೊವನ್ನೂ ಅದರೊಂದಿಗೇ ತೆಗೆದಿಡಿ.