ಐನೂರು ಸಾವಿರ ಅಂದ್ರೆ ಎಷ್ಟು?

ಅಡುಗೆಮನೆಯ ನಲ್ಲಿ ಸೋರ್ತಿತ್ತು. ಬಂದ ಪ್ಲಂಬರ್ ಕೆಳಗೆ ಬಗ್ಗಿ ನೋಡಿ, "ಐನೂರು ಸಾವಿರ ಆಗುತ್ತೆ ನೋಡಿ ಅಮ್ಮ" ಅಂದರು. ಅಮ್ಮ "ಸರಿ, ಮಾಡಿ" ಅಂದುಬಿಟ್ಟರು. ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ನನ್ನ ಅಕ್ಕನ ಮಗ ಮಾತ್ರ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಅವನು ಎಣಿಸೋದು ಇಂಗ್ಲಿಷಿನಲ್ಲಿ, ಅಲ್ಲಿ ಫೈವ್ ಹಂಡ್ರೆಡ್ ಥೌಸಂಡ್ ಅಂದರೆ ಐದು ಲಕ್ಷ!

ಅಮ್ಮನಿಗೆ ಕೇಳಿಸಿದ್ದು ಐನೂರರಿಂದ ಸಾವಿರ ರೂಪಾಯಿ. ನಾವು ಐದು ಲಕ್ಷವನ್ನು ಐನೂರು ಸಾವಿರ ಅಂತ ಯಾವತ್ತೂ ಹೇಳೋದಿಲ್ಲ, ಅದಕ್ಕೆ ಲಕ್ಷ ಅನ್ನೋ ಪದ ಇದೆ. ಹಾಗಾಗಿ ಆ ಜೋಡಿ ಖಾಲಿ ಉಳೀತು. ಖಾಲಿ ಉಳಿದ ಜಾಗಕ್ಕೆ ಅಂದಾಜು ಬಂದು ಕೂತಿತು. ಅವತ್ತಿನಿಂದ ನಾನು ಇಂಥ ಜೋಡಿಗಳನ್ನು ಹುಡುಕ್ತಾ ಇದ್ದೀನಿ, ಎಲ್ಲೆಲ್ಲೂ ಇದೇ ಲೆಕ್ಕ ಕಾಣಿಸ್ತಿದೆ.

ನೂರಿಪ್ಪತ್ತು ಅನ್ನಿ. ಸರಿಯಾಗಿ 120. ಹತ್ತಿಪ್ಪತ್ತು ಅನ್ನಿ. ಅದು 30 ಅಲ್ಲ, ಹತ್ತರಿಂದ ಇಪ್ಪತ್ತರ ನಡುವೆ ಎಷ್ಟೋ ಒಂದು. ಎರಡನ್ನೂ ಕಟ್ಟಿರೋದು ಒಂದೇ ಥರ, ಆದರೂ ಯಾರಿಗೂ ಗೊಂದಲ ಆಗೋದಿಲ್ಲ. 100ರಲ್ಲಿ ಕೊನೆಯ ಎರಡು ಸೊನ್ನೆ ಇವೆಯಲ್ಲ, ಇಪ್ಪತ್ತು ಆ ಜಾಗದಲ್ಲಿ ಕೂರುತ್ತೆ, ಕೂಡಿಸಿದರೆ ಆಯಿತು. ಹತ್ತರಲ್ಲಿರೋದು ಒಂದೇ ಸೊನ್ನೆ, ಅಲ್ಲಿ ಇಪ್ಪತ್ತು ಹಿಡಿಸೋದಿಲ್ಲ. ಕೂಡಿಸೋಕೆ ಆಗದಿದ್ದಾಗ ಕಿವಿ ಅದನ್ನು ಅಂದಾಜು ಅಂತ ತಗೊಳ್ಳುತ್ತೆ. ನೂರೈವತ್ತು ಲೆಕ್ಕ, ನೂರಿನ್ನೂರು ಅಂದಾಜು. ಇದನ್ನು ನಮಗೆ ಶಾಲೆಯಲ್ಲಿ ಯಾರೂ ಕಲಿಸಿಲ್ಲ.

ಹಾಗಾದರೆ ಹತ್ತಾರು? ಆರು ಆ ಸೊನ್ನೆಯ ಜಾಗದಲ್ಲಿ ಚೆನ್ನಾಗಿ ಹಿಡಿಸುತ್ತೆ, 16 ಆಗಬೇಕಿತ್ತು. ಆದರೆ 16ಕ್ಕೆ ಹದಿನಾರು ಅಂತ ಬೇರೆ ಪದವೇ ಇದೆ. ಮತ್ತೆ ಖಾಲಿ ಜಾಗ! ಎಂಟು ಹತ್ತು ಜನ ಬಂದಿದ್ರು ಅಂದರೆ ಎಂಬತ್ತು ಜನ ಅಂತ ಯಾರಾದರೂ ಅಂದುಕೊಳ್ತಾರಾ? ಎಂಬತ್ತಕ್ಕೆ ಎಂಬತ್ತು ಇದೆ.

ಚೀನೀ ಭಾಷೆಯಲ್ಲಿ ಈ ಅನುಕೂಲ ಒಂದು ಕಡೆ ಕೈಕೊಡುತ್ತೆ. ಅಲ್ಲೂ ನಮ್ಮ ಹಾಗೇ ಅಕ್ಕಪಕ್ಕದ ಸಂಖ್ಯೆಗಳನ್ನು ಜೋಡಿಸಿ ಅಂದಾಜು ಹೇಳ್ತಾರೆ, ಏಳೆಂಟು ಅನ್ನೋದಕ್ಕೆ ಏಳು, ಎಂಟು ಎರಡನ್ನೂ ಒಟ್ಟಿಗೆ ಹೇಳಿದರೆ ಸಾಕು. ಆದರೆ ಒಂಬತ್ತು ಹತ್ತು ಅಂತ ಹೇಳೋ ಹಾಗಿಲ್ಲ. ಯಾಕಂದರೆ ಅವರಲ್ಲಿ ತೊಂಬತ್ತಕ್ಕೆ ಬೇರೆ ಪದ ಇಲ್ಲ, ಒಂಬತ್ತು ಮತ್ತು ಹತ್ತು ಸೇರಿಯೇ 90. ಅಲ್ಲಿ ಜಾಗ ಭರ್ತಿ. ಹಾಗಾಗಿ ಹತ್ತರ ಆಸುಪಾಸು ಅಂತ ಸುತ್ತಿಬಳಸಿ ಹೇಳ್ತಾರೆ.

ರಷ್ಯನ್ನರ ದಾರಿ ಬೇರೆ. ನೂರು ರೂಬಲ್ ಅನ್ನೋದನ್ನು ತಿರುಗಿಸಿ ರೂಬಲ್ ನೂರು ಅಂದರೆ ಸಾಕು, ಸುಮಾರು ನೂರು ಅಂತ ಅರ್ಥ. ಸುಮಾರು ಅನ್ನೋ ಪದವೇ ಬೇಡ, ಪದ ಹಿಂದುಮುಂದಾದರೆ ಆಯಿತು. ನಮ್ಮಲ್ಲಿ ಈ ಕೆಲಸ ಮಾಡೋದು ಒಂದು ಅನ್ನೋ ಪದ. "ಒಂದು ಇಪ್ಪತ್ತು ಜನ ಇದ್ರು" ಅನ್ನೋವಾಗ ಅದು ಸಂಖ್ಯೆ ಅಲ್ಲ, ತಲೆ ಎಣಿಸಿಲ್ಲ ಅನ್ನೋ ಸೂಚನೆ. ನನಗಂತೂ ಇದು ತುಂಬಾ ಇಷ್ಟ.

ಯಾವ ಎರಡು ಸಂಖ್ಯೆ ಬೇಕಾದರೂ ಜೋಡಿ ಆಗೋದಿಲ್ಲ. ಪೊಲ್‌ಮನ್ ಮತ್ತು ಯಾನ್ಸೆನ್ ಅನ್ನೋ ಇಬ್ಬರು ಭಾಷಾವಿಜ್ಞಾನಿಗಳು 1996ರಲ್ಲಿ ಇದರ ಬಗ್ಗೆ ಬರೆದಿದ್ದರು. ಜೋಡಿಯ ನಡುವಿನ ಅಂತರ ಸಾಮಾನ್ಯವಾಗಿ 1, 2, 5, 10ರಂಥ ಸಂಖ್ಯೆ ಆಗಿರುತ್ತೆ ಅನ್ನೋದು ಅವರು ಕಂಡ ವಿಷಯಗಳಲ್ಲಿ ಒಂದು. ಕನ್ನಡದಲ್ಲೇ ನೋಡಿ. ಹತ್ತು ಹನ್ನೆರಡು ಸರಿ, ಹತ್ತು ಹದಿನೈದು ಸರಿ. ಹತ್ತು ಹದಿನಾಲ್ಕು ಅಂದರೆ ಕೇಳಿದವರು "ಯಾಕೆ, ಹದಿನಾಲ್ಕೇ ಯಾಕೆ?" ಅಂತಾರೆ, ಯಾಕಂದರೆ ಅದು ಅಂದಾಜಿನ ಥರ ಅಲ್ಲ, ಯಾರೋ ಎಣಿಸಿ ಇಟ್ಟ ಮಿತಿಯ ಥರ ಕೇಳಿಸುತ್ತೆ. ಸಂಖ್ಯೆ ದೊಡ್ಡದಾದ ಹಾಗೆ ಅಂತರವೂ ಹಿಗ್ಗುತ್ತೆ: ನಾಲ್ಕೈದರಲ್ಲಿ 1, ಐವತ್ತು ಅರವತ್ತರಲ್ಲಿ 10, ನೂರಿನ್ನೂರರಲ್ಲಿ 100. ಐದು ಬಾಳೆಹಣ್ಣಿಗೆ ಒಂದು ಸೇರಿದರೆ ನೋಡಿದ ತಕ್ಷಣ ಗೊತ್ತಾಗುತ್ತೆ, ಐವತ್ತಕ್ಕೆ ಒಂದು ಸೇರಿದರೆ ಗೊತ್ತಾಗೋದಿಲ್ಲ ಅಲ್ವಾ? ಮಾತಿನ ಅಂದಾಜೂ ಹಾಗೇ ನಡೆಯುತ್ತೆ.

ಕನ್ನಡದಲ್ಲಿ ನಿಜಕ್ಕೂ ಡಿಕ್ಕಿ ಆಗೋ ಒಂದು ಜಾಗ ಇದೆ. ನೂರಾರು. 106ಕ್ಕೆ ಹದಿನಾರಿನ ಥರ ಬೇರೆ ಪದ ಇಲ್ಲ, ಅದೂ ನೂರ ಆರೇ. ನಮ್ಮ ಮಾವ ಮದುವೆಮನೆಗೆ ಬಾಳೆ ಎಲೆ ಹೇಳೋವಾಗ ಫೋನಿನಲ್ಲಿ ನೂರ ಅಂತ ಹೇಳಿ, ಒಂದು ಉಸಿರು ನಿಲ್ಲಿಸಿ, ಆಮೇಲೆ ಆರು ಅಂತಾರೆ. ಆ ಕಡೆಯವರು ತಿರುಗಿ ಕೇಳ್ತಾರೆ: "ನೂರರ ಮೇಲೆ ಆರು ತಾನೇ ಸ್ವಾಮಿ?"